ಪ್ರೆಶರ್ ಪ್ಲೇಟಿನ ನಾಲ್ಕು ಅಂಕಿಯಿಂದ ಎರೆ ಹೊಲದ ಬಸಿಯುವ ನೀರು ಲೆಕ್ಕ ಹಾಕಬಹುದಾ?

ಪ್ರಶ್ನೆ: ಸರ್, ನವಲಗುಂದ ತಾಲ್ಲೂಕಿನಲ್ಲಿ ಕಾಲುವೆ ಪಕ್ಕದ ನಮ್ಮ ಎರೆ ಹೊಲ ಜವಳು ಹಿಡಿದಿದೆ. ನೆಲದೊಳಗೆ ಬಸಿಯುವ ಪೈಪ್ ಹಾಕಿಸಬೇಕು ಅಂತಿದ್ದೇವೆ. ನಾನು ಸಿವಿಲ್ ಓದಿದವನು, ಲೆಕ್ಕ ನಾನೇ ಮಾಡುತ್ತಿದ್ದೇನೆ. ಬೇರೆ ಬೇರೆ ಒತ್ತಡಕ್ಕೆ ಮಣ್ಣು ಎಷ್ಟು ನೀರು ಹಿಡಿದಿಡುತ್ತದೆ ಅಂತ ಅಳೆಯುವ ಪ್ರೆಶರ್ ಪ್ಲೇಟ್ ವರದಿ, 30–60 ಸೆಂ.ಮೀ. ಆಳದ ಮಣ್ಣಿನದ್ದು, ಬಂದಿದೆ. ತೂಕದ ಲೆಕ್ಕದಲ್ಲಿ ತೇವ 0.33 ಬಾರ್‌ಗೆ 36%, 1 ಬಾರ್‌ಗೆ 31.8%, 5 ಬಾರ್‌ಗೆ 25.4%, 15 ಬಾರ್‌ಗೆ 22%. ಬಲ್ಕ್ ಡೆನ್ಸಿಟಿ 1.25. ಒಟ್ಟು ರಂಧ್ರ 52.8% ಬಂತು, ಅದರಲ್ಲಿ 0.33 ಬಾರಿನ 45% ಕಳೆದೆ, ಡ್ರೇನೇಬಲ್ ಪೊರಾಸಿಟಿ, ಅಂದರೆ ಮಣ್ಣಿನಿಂದ ಬಸಿದು ಹೋಗುವ ನೀರಿನ ಪಾಲು, 7.8% ಆಯಿತು. ಕರ್ವ್ ಫಿಟ್ ಕೂಡ ಚೆನ್ನಾಗಿದೆ, R² 0.999. ಆದರೆ ಒಂದು ಎಕರೆಯಲ್ಲಿ ಪರೀಕ್ಷೆಗೆ ಪೈಪ್ ಹಾಕಿದ್ದೇವೆ, ಅಲ್ಲಿ ನೋಡಿದರೆ 2–3% ಇರಬಹುದು ಅನಿಸುತ್ತದೆ. ಲ್ಯಾಬ್ ತಪ್ಪಾ, ಹೊಲದ ಅಳತೆ ತಪ್ಪಾ?

ಉತ್ತರ: ಎರಡೂ ತಪ್ಪಲ್ಲ. ನೀವು ಕಳೆದ ಅಂಕಿ ತಪ್ಪು. 0.33 ಬಾರ್ ಅನ್ನೋದು ನಿಮ್ಮ ಪೈಪಿಗೆ ಸಂಬಂಧವೇ ಇಲ್ಲದ ಸಕ್ಷನ್, ಅಂದರೆ ಮಣ್ಣಿನಿಂದ ನೀರನ್ನು ಎಳೆಯುವ ಬಲ.

ಬಾರ್‌ನಲ್ಲಿ ನೋಡಿದರೆ 0.33 ಸಣ್ಣದು ಅನಿಸುತ್ತದೆ. ಅದನ್ನೇ ನೀರಿನ ಎತ್ತರಕ್ಕೆ ಬದಲಾಯಿಸಿ ನೋಡಿ. 1 ಬಾರ್ ಅಂದರೆ ಸುಮಾರು 1020 ಸೆಂ.ಮೀ. ನೀರು. ಹಾಗಾದರೆ 0.33 ಬಾರ್ ಅಂದರೆ 337 ಸೆಂ.ಮೀ., ಅಂದರೆ ಹತ್ತಿರ ಹತ್ತಿರ ಮೂರೂವರೆ ಮೀಟರ್. ನಿಮ್ಮ ಪೈಪ್ ಎಷ್ಟು ಆಳದಲ್ಲಿದೆ? ಒಂದು ಮೀಟರ್ ಇರಬಹುದು, ಜಾಸ್ತಿ ಅಂದರೆ 1.2. ನೀರಿನ ಮಟ್ಟ ಪೈಪಿನ ತನಕ ಪೂರ್ತಿ ಇಳಿದು ನಿಂತರೂ, ಹೊಲದ ಮೇಲ್ಮೈ ಮಣ್ಣಿಗೆ ಬೀಳುವ ಎಳೆತ ಒಂದು ಮೀಟರ್ ನೀರಿನಷ್ಟೇ. ಅದರ ಕೆಳಗಿನ ಮಣ್ಣಿಗೆ ಇನ್ನೂ ಕಡಿಮೆ. ಒದ್ದೆ ಪಂಚೆಯನ್ನು ಹಗ್ಗಕ್ಕೆ ಹಾಕಿದಾಗ ಮೇಲಿನ ಭಾಗ ಬೇಗ ಬಸಿದು, ಕೆಳಗಿನ ಅಂಚಿನಲ್ಲಿ ನೀರು ನಿಂತಿರುತ್ತಲ್ವಾ, ಹಾಗೆಯೇ ಇದು. ಪೈಪ್ ಹಾಕಿದ ಮಾತ್ರಕ್ಕೆ ಹೊಲದ ಯಾವ ಪದರವೂ 0.33 ಬಾರ್‌ಗೆ ಹೋಗುವುದಿಲ್ಲ. ಅಲ್ಲಿಗೆ ಹೋಗಬೇಕಾದರೆ ಬೇರು ಹೀರಬೇಕು, ಬಿಸಿಲು ಒಣಗಿಸಬೇಕು. ಅದು ಪೈಪಿನ ಕೆಲಸ ಅಲ್ಲ.

ಈ ತಪ್ಪು ಎಲ್ಲಿಂದ ಬರುತ್ತದೆ ಅಂತ ಗೊತ್ತು. 0.33 ಬಾರ್ ಅಂದರೆ ಫೀಲ್ಡ್ ಕೆಪಾಸಿಟಿ, ಅಲ್ಲಿಯವರೆಗಿನ ನೀರೆಲ್ಲ ಬಸಿದು ಹೋಗುತ್ತದೆ ಅಂತ ಪಾಠದಲ್ಲಿ ಓದಿರುತ್ತೇವೆ. ನೀರಾವರಿ ಲೆಕ್ಕಕ್ಕೆ ಅದು ನಡೆಯುತ್ತದೆ. ಅಲ್ಲಿ ನೀರಿನ ಮಟ್ಟ ಬಹಳ ಆಳದಲ್ಲಿದೆ ಅಂತ ಮೊದಲೇ ಒಪ್ಪಿಕೊಂಡಿರುತ್ತೇವೆ. ಜವಳು ಹೊಲದಲ್ಲಿ ನೀರು ಮೊಣಕಾಲು ಆಳದಲ್ಲೇ ಇದೆ, ಆ ಒಪ್ಪಂದ ಇಲ್ಲಿ ಮುರಿದುಬಿತ್ತು.

ಈಗ ನಿಮ್ಮದೇ ಅಂಕಿಗಳಿಂದ ಸರಿಯಾದ ದಾರಿ ಹಿಡಿಯೋಣ. ತೂಕದ ತೇವವನ್ನು ಡೆನ್ಸಿಟಿಯಿಂದ ಗುಣಿಸಿದರೆ ಗಾತ್ರದ ತೇವ: 0.450, 0.3975, 0.3175, 0.275. ಇದಕ್ಕೆ ವಾನ್ ಗೆನುಕ್ಟೆನ್ 1980ರಲ್ಲಿ ಕೊಟ್ಟ ಸೂತ್ರ ಹಾಕಿ. ಜೇಡಿ ಮಣ್ಣಿಗೆ ಉಳಿಕೆ ತೇವ θr ಅನ್ನು ಸೊನ್ನೆ ಅಂತ ಇಟ್ಟುಬಿಡಿ. ಸೂತ್ರದ α ಮತ್ತು n ಕರ್ವಿನ ಆಕಾರ ಹೇಳುವ ಅಂಕಿಗಳು; 15 ಬಾರಿಗೆ ನಿಲ್ಲುವ ನಾಲ್ಕೇ ಅಂಕಿಯಿಂದ θr ಮತ್ತು n ಎರಡನ್ನೂ ಬಿಡಿಸಿಕೊಳ್ಳಲು ಆಗುವುದಿಲ್ಲ. ಒಂದನ್ನು ಎಳೆದರೆ ಇನ್ನೊಂದು ಅದರ ಜೊತೆಗೇ ಓಡುತ್ತದೆ.

```
θ(h) = θs · [1 + (αh)^n]^(1/n − 1)
```

ಇಲ್ಲಿ h ಸೆಂಟಿಮೀಟರ್ ನೀರಿನಲ್ಲಿ. θs ಅಂದರೆ ಪೂರ್ತಿ ತುಂಬಿದ ಮಣ್ಣಿನ ತೇವ. ನೀವು ಅದನ್ನು ಒಟ್ಟು ರಂಧ್ರಕ್ಕೆ ಸಮ ಅಂತ 0.528 ಇಟ್ಟಿದ್ದೀರಿ. ಆಗ α ಸುಮಾರು 0.0070, n ಸುಮಾರು 1.14 ಬರುತ್ತದೆ. 100 ಸೆಂ.ಮೀ.ಗೆ ಕರ್ವ್ ಓದಿದರೆ ತೇವ 0.496. 0.528ರಲ್ಲಿ ಕಳೆದರೆ 3.2%. ನೀರಿನ ಮಟ್ಟ ಒಂದು ಮೀಟರಿಗೆ ಬಂದ ಹೊತ್ತಿನಲ್ಲಿ ಅದು ಇನ್ನೊಂದು ಚೂರು ಇಳಿದರೆ ಮಣ್ಣು ಬಿಡುವ ನೀರಿನ ಪ್ರಮಾಣ ಅದು. ಒಂದೇ ತರಹದ ಮಣ್ಣಾದರೆ ಆ ಕ್ಷಣದ ಡ್ರೇನೇಬಲ್ ಪೊರಾಸಿಟಿ ಯಾವಾಗಲೂ θs − θ(D), ಇಲ್ಲಿ D ಅಂದರೆ ನೀರಿನ ಮಟ್ಟದ ಆಳ. ಅಂದರೆ ಅದು ಮಣ್ಣಿನ ಒಂದು ಸ್ಥಿರ ಗುಣ ಅಲ್ಲ. ನೀರು ಮೇಲಿದ್ದಾಗ ಸಣ್ಣದು, ಕೆಳಗೆ ಹೋದಂತೆ ದೊಡ್ಡದು.

ಹಾಗಾಗಿ ನೀವು ಬಳಸಬೇಕಾದದ್ದು ಒಂದು ಅಂತರದ ಸರಾಸರಿ. ಮಳೆ ನಿಂತಾಗ ನೀರು 30 ಸೆಂ.ಮೀ.ನಲ್ಲಿದೆ, 90ಕ್ಕೆ ಇಳಿಸಬೇಕು ಅಂತಿಟ್ಟುಕೊಳ್ಳಿ. ಕರ್ವ್‌ನಿಂದ θs − θ ಓದಿದರೆ 30ಕ್ಕೆ 1.0%, 60ಕ್ಕೆ 2.0%, 90ಕ್ಕೆ 2.9%. ಸರಾಸರಿ 2%. ಆ 60 ಸೆಂ.ಮೀ. ಇಳಿತಕ್ಕೆ ಪೈಪಿನಿಂದ ಹೊರಬೀಳುವ ನೀರು ಬರೀ 12 ಮಿ.ಮೀ. ನಿಮ್ಮ 7.8% ಹಿಡಿದರೆ 47 ಮಿ.ಮೀ. ಹೊರಬೀಳಬೇಕಿತ್ತು. ನಿಮ್ಮ ಪರೀಕ್ಷೆಯ ಎಕರೆ 2–3% ಹೇಳುತ್ತಿರುವುದಕ್ಕೆ ಕಾರಣ ಇಲ್ಲಿಗೇ ಸಿಕ್ಕಿತು ಅಂತ ನೀವು ಅಂದುಕೊಳ್ಳಬಹುದು.

ಸ್ವಲ್ಪ ತಡೆಯಿರಿ. ಅಷ್ಟು ಸುಲಭಕ್ಕೆ ಒಪ್ಪಬೇಡಿ.

ನಿಮ್ಮ ಅಳತೆಯ ಮೊದಲ ಚುಕ್ಕೆ ಇರುವುದು 337 ಸೆಂ.ಮೀ.ನಲ್ಲಿ. ನಮಗೆ ಬೇಕಾಗಿರುವುದು 0ಯಿಂದ 100ರ ಒಳಗೆ. ಆ ಜಾಗದಲ್ಲಿ ನಿಮ್ಮ ಹತ್ತಿರ ಒಂದೂ ಅಳತೆ ಇಲ್ಲ. ಅಲ್ಲಿ ಕಾಣುವ ಗೆರೆಯನ್ನು ಸೂತ್ರ ಎಳೆದಿದೆ, ಮಣ್ಣು ಎಳೆದಿಲ್ಲ. ಅದನ್ನು ಹಿಡಿದು ನಿಲ್ಲಿಸಿರುವುದು ನೀವು ಕೈಯಿಂದ ಇಟ್ಟ 0.528 ಒಂದೇ. ಅದೂ ಅಳೆದದ್ದಲ್ಲ, ಡೆನ್ಸಿಟಿಯಿಂದ ಲೆಕ್ಕ ಹಾಕಿದ್ದು. ಹೊಲದಲ್ಲಿ ಮಣ್ಣು ತುಂಬಿದಾಗ ಒಂದಿಷ್ಟು ಗಾಳಿ ಒಳಗೇ ಸಿಕ್ಕಿಕೊಳ್ಳುತ್ತದೆ. ಒಟ್ಟು ರಂಧ್ರದ 90–95% ಮಾತ್ರ ನೀರಿನಿಂದ ತುಂಬುವುದು ಸಾಮಾನ್ಯ. ಹಾಗಾದರೆ θs ಅನ್ನು 0.50 ಅಂತ ಇಟ್ಟು ಮತ್ತೆ ಫಿಟ್ ಮಾಡಿ ನೋಡಿ:

```python
import numpy as np
from scipy.optimize import curve_fit
h  = np.array([337., 1020., 5100., 15300.])
th = np.array([.450, .3975, .3175, .275])
for ts in (.528, .50):
    f = lambda h, a, n: ts*(1 + (a*h)**n)**(1/n - 1)
    p, _ = curve_fit(f, h, th, p0=[.005, 1.2],
                     bounds=([1e-5, 1.01], [1, 3]))
    print(ts, p, ts - f(100., *p))
```

ಈ ಸಲ α ಸುಮಾರು 0.0037, n ಸುಮಾರು 1.15. ನಾಲ್ಕೂ ಚುಕ್ಕೆಗಳಿಗೆ ಗೆರೆ ಹತ್ತಿರವೇ ಹೋಗುತ್ತದೆ, ಅರ್ಧ ಪರ್ಸೆಂಟಿಗಿಂತ ಜಾಸ್ತಿ ತಪ್ಪುವುದಿಲ್ಲ. R² ಈಗಲೂ 0.998ಕ್ಕಿಂತ ಮೇಲೆ. ಆದರೆ 100 ಸೆಂ.ಮೀ.ನಲ್ಲಿ ಓದಿದರೆ 3.2% ಅಲ್ಲ, 1.8%. 30ರಿಂದ 90ರ ಸರಾಸರಿ ತೆಗೆದರೆ 2% ಅಲ್ಲ, 1%. ಹೊರಬೀಳುವ ನೀರು 12 ಮಿ.ಮೀ. ಇದ್ದದ್ದು 6 ಆಯಿತು. ಎರಡೂ ಫಿಟ್ ನೋಡಲು ಚಂದವೇ. R² ಹೇಳುವುದು ಗೆರೆ ಒಣ ಕಡೆಯ ಚುಕ್ಕೆಗಳಿಗೆ ಎಷ್ಟು ಹತ್ತಿರ ಇದೆ ಅನ್ನೋದನ್ನು. ಒದ್ದೆ ಕಡೆ ಏನಾಗುತ್ತಿದೆ ಅನ್ನೋದರ ಬಗ್ಗೆ ಅದಕ್ಕೆ ಏನೂ ಗೊತ್ತಿಲ್ಲ. ಅದಕ್ಕೇ ವರದಿಯಲ್ಲಿ R² ಒಂದನ್ನೇ ದಪ್ಪ ಅಕ್ಷರದಲ್ಲಿ ಹಾಕಿದ್ದರೆ ನಾನು ಮೊದಲು ಕೇಳುವುದು, ಎಷ್ಟು ಚುಕ್ಕೆ 100 ಸೆಂ.ಮೀ. ಒಳಗಿವೆ ಅಂತ.

ಇನ್ನೊಂದು ತೊಂದರೆ ಸ್ಯಾಂಪಲ್‌ನದ್ದು. ಪ್ರೆಶರ್ ಪ್ಲೇಟಿಗೆ ಹೋಗುವ ಮಣ್ಣನ್ನು ಸಾಮಾನ್ಯವಾಗಿ ಒಣಗಿಸಿ, ಕುಟ್ಟಿ, 2 ಮಿ.ಮೀ. ಜರಡಿ ಹಿಡಿದು, ರಬ್ಬರ್ ರಿಂಗಿನಲ್ಲಿ ತುಂಬುತ್ತಾರೆ. 5 ಮತ್ತು 15 ಬಾರಿಗೆ ಅದು ಸಾಕು, ಏಕೆಂದರೆ ಅಲ್ಲಿ ನೀರನ್ನು ಹಿಡಿದಿರುವುದು ಜೇಡಿಯ ಕಣಗಳೇ. ಒದ್ದೆ ಕಡೆಗೆ ಬಂದರೆ ಕಥೆ ಬೇರೆ. ಎರೆ ಮಣ್ಣಿನಲ್ಲಿ ಪೈಪಿಗೆ ಓಡಿಬರುವ ನೀರು ಹೆಂಟೆಗಳ ನಡುವಿನ ಸಂದಿನಲ್ಲಿ, ಹಳೇ ಬೇರಿನ ದಾರಿಯಲ್ಲಿ, ಅರ್ಧ ಮುಚ್ಚಿದ ಬಿರುಕಿನಲ್ಲಿ ಇರುತ್ತದೆ. ಕುಟ್ಟಿದ ಮೇಲೆ ಅವೆಲ್ಲ ಎಲ್ಲಿರುತ್ತವೆ? ಅವುಗಳ ಬದಲು ಜರಡಿ ಹಿಡಿದ ಕಣಗಳ ನಡುವೆ ಹೊಸ ಸಂದುಗಳು ಹುಟ್ಟುತ್ತವೆ, ಅವು ನಿಮ್ಮ ಹೊಲದಲ್ಲಿ ಇರಲೇ ಇಲ್ಲ. ನಿಮ್ಮ ವರದಿಯ 36% ಎಷ್ಟರ ಮಟ್ಟಿಗೆ ಹೊಲದ್ದು, ಎಷ್ಟರ ಮಟ್ಟಿಗೆ ಜರಡಿಯದ್ದು ಅನ್ನೋದು ಅಷ್ಟಕ್ಕೇ ಬಿಡಿಸಲು ಬರುವುದಿಲ್ಲ.

ಬಲ್ಕ್ ಡೆನ್ಸಿಟಿ 1.25 ಯಾವಾಗ ಅಳೆದದ್ದು ಅನ್ನೋದನ್ನೂ ಲ್ಯಾಬಿನಲ್ಲಿ ಕೇಳಿ. ಎರೆ ಮಣ್ಣು ಒಣಗಿದರೆ ಕುಗ್ಗುತ್ತದೆ, ಕುಗ್ಗಿದರೆ ಡೆನ್ಸಿಟಿ ಏರುತ್ತದೆ. ಒಣ ಹೆಂಟೆಯಲ್ಲಿ ಅಳೆದು 1.45 ಅಂತ ಕೊಟ್ಟಿದ್ದರೆ ಏನಾಗುತ್ತಿತ್ತು ನೋಡಿ: 36% × 1.45 = 52.2%. ಅದೇ ಡೆನ್ಸಿಟಿಗೆ ಒಟ್ಟು ರಂಧ್ರ 45.3% ಮಾತ್ರ. ರಂಧ್ರಕ್ಕಿಂತ ನೀರೇ ಜಾಸ್ತಿ! ಇಂಥ ಅಂಕಿ ಕಂಡರೆ ಡೆನ್ಸಿಟಿಯನ್ನು ಒಣ ಸ್ಥಿತಿಯಲ್ಲಿ, ತೇವವನ್ನು ಉಬ್ಬಿದ ಸ್ಥಿತಿಯಲ್ಲಿ ಅಳೆದಿದ್ದಾರೆ ಅಂತ ತಿಳಿಯಿರಿ. ನಿಮ್ಮದರಲ್ಲಿ ಹಾಗಾಗಿಲ್ಲ, 1.25 ಒದ್ದೆ ಎರೆ ಮಣ್ಣಿಗೆ ಒಪ್ಪುವ ಅಂಕಿಯೇ.

ಕುಗ್ಗುವ ವಿಷಯ ಬಂದಿತಲ್ಲ, ಇನ್ನೊಂದು ಮಾತು ಹೇಳಿಬಿಡುತ್ತೇನೆ. ಗಟ್ಟಿ ನಿಲ್ಲುವ ಮಸಾರಿ ಮಣ್ಣಿನಲ್ಲಿ ನೀರು ಹೋದ ಜಾಗಕ್ಕೆ ಗಾಳಿ ಬರುತ್ತದೆ. ಎರೆ ಮಣ್ಣಿನಲ್ಲಿ ಹೋದ ನೀರಿನ ಒಂದು ಪಾಲಿಗೆ ಗಾಳಿ ಬರುವುದೇ ಇಲ್ಲ, ಮಣ್ಣೇ ಕುಸಿದು ಆ ಜಾಗ ತುಂಬುತ್ತದೆ. ಸಿಲಿಂಡರಿನಲ್ಲಿ ಕದಡದೆ ತೆಗೆದ 5 ಸೆಂ.ಮೀ. ಎತ್ತರದ ಮಣ್ಣಿನ ಕೋರ್ ತೆಗೆದುಕೊಂಡು 100 ಸೆಂ.ಮೀ. ಸಕ್ಷನ್ ಕೊಟ್ಟಿರಿ, ಗಾತ್ರದ 3% ನೀರು ಹೋಯಿತು ಅನ್ನಿ. ಅಷ್ಟರಲ್ಲಿ ಕೋರಿನ ಮೇಲ್ಮೈ 1 ಮಿ.ಮೀ. ಕುಸಿದಿದ್ದರೆ ಅದೇ 2% ಆಯಿತು. ಗಾಳಿಗೆ ಉಳಿದದ್ದು 1%. ಪೈಪಿನ ಲೆಕ್ಕಕ್ಕೆ 3% ಸರಿ, ಅಷ್ಟು ನೀರು ಹೊರಗೆ ಬಂದಿದೆ. ಕಡಲೆ ಬೇರಿಗೆ ಉಸಿರಾಡಲು ಸಿಕ್ಕಿದ್ದು ಆ 1% ಮಾತ್ರ. ಅದಕ್ಕೇ ಕೋರ್ ತೂಗುವಾಗಲೆಲ್ಲ ಅದರ ಎತ್ತರವನ್ನೂ ವರ್ನಿಯರ್‌ನಲ್ಲಿ ಅಳೆದು ಬರೆಯಲು ಹೇಳಿ. ಲ್ಯಾಬಿನವರಿಗೆ ಅದು ಎರಡು ನಿಮಿಷದ ಕೆಲಸ, ಆದರೆ ಕೇಳದಿದ್ದರೆ ಯಾರೂ ಮಾಡುವುದಿಲ್ಲ.

ಅಂಕಿ ತಪ್ಪಾದರೆ ನಿಮಗಾಗುವ ನಷ್ಟ ಏನು? ಇದು ಎರಡು ಕಡೆ ಕೊಯ್ಯುತ್ತದೆ. ಪೈಪುಗಳ ನಡುವಿನ ಅಂತರಕ್ಕೆ ನೀವು ಗ್ಲೋವರ್–ಡಮ್ ಸೂತ್ರ ಬಳಸುತ್ತಿದ್ದರೆ, ಅದರಲ್ಲಿ ಅಂತರದ ವರ್ಗವು ಡ್ರೇನೇಬಲ್ ಪೊರಾಸಿಟಿಗೆ ತಿರುಗುಮುರುಗಾಗಿ ಬದಲಾಗುತ್ತದೆ. 2% ಇರುವ ಕಡೆ 7.8% ಹಾಕಿದರೆ ಅಂತರ ಅರ್ಧಕ್ಕೆ ಬರುತ್ತದೆ, ಪೈಪು ಎರಡರಷ್ಟು ಬೇಕಾಗುತ್ತದೆ. ಅಂದರೆ ದುಡ್ಡು ಸುಮ್ನೆ ಮಣ್ಣಿನಲ್ಲಿ ಹೂತಂತೆ. ಇನ್ನೊಂದು ಕಡೆ, ಮಳೆಗೆ ನೀರು ಎಷ್ಟು ಏರುತ್ತದೆ ಅನ್ನೋ ಲೆಕ್ಕ. 10 ಮಿ.ಮೀ. ನೀರು ಕೆಳಗೆ ಇಳಿದು ಮಟ್ಟಕ್ಕೆ ಸೇರಿದರೆ, 7.8% ಪ್ರಕಾರ ಮಟ್ಟ 13 ಸೆಂ.ಮೀ. ಏರುತ್ತದೆ. 2% ಪ್ರಕಾರ 50 ಸೆಂ.ಮೀ. ಏರುತ್ತದೆ. 'ಒಂದು ಜೋರು ಮಳೆಗೇ ಹೊಲ ಕೆಸರಾಯಿತು' ಅಂತ ನಿಮ್ಮ ಕಡೆಯವರು ಹೇಳುವುದು ಇದಕ್ಕೇ. ಅದೂ ಅಲ್ಲದೆ ಪ್ರೆಶರ್ ಪ್ಲೇಟ್ ಕೊಡುವುದು ಒಣಗುವ ದಾರಿಯ ಕರ್ವ್. ಮಣ್ಣು ನೆನೆಯುವಾಗ ಬೇರೆ ದಾರಿಯಲ್ಲಿ ಹೋಗುತ್ತದೆ. ಹಾಗಾಗಿ ಮಟ್ಟ ಏರುವ ಲೆಕ್ಕಕ್ಕೆ ಇದೇ ಕರ್ವ್ ಬಳಸುವಾಗ ಸ್ವಲ್ಪ ಅನುಮಾನ ಇಟ್ಟುಕೊಂಡೇ ಬಳಸಿ.

ನಿಮ್ಮ ಮುಂದೆ ಈಗ ಮೂರು ದಾರಿ ಇದೆ. ಮೊದಲನೆಯದು, ಇರುವ ವರದಿಯಲ್ಲೇ ಸುಧಾರಿಸುವುದು. ಆಗ ಒಂದೇ ಅಂಕಿ ಬರೆಯಬೇಡಿ, 1ರಿಂದ 2% ಅಂತ ಬರೆದು ಎರಡೂ ತುದಿಗೆ ಅಂತರ ಲೆಕ್ಕ ಹಾಕಿ. ಖರ್ಚಿಲ್ಲ, ಆದರೆ ಎರಡು ಉತ್ತರಗಳ ನಡುವೆ ಒಂದೂಕಾಲು ಪಟ್ಟಿಗಿಂತ ಜಾಸ್ತಿ ವ್ಯತ್ಯಾಸ ಉಳಿದೇ ಉಳಿಯುತ್ತದೆ. ಅದಕ್ಕೆ ಪಕ್ಕದಲ್ಲಿ ಹೋಲಿಸಲು ಒಂದು ಒರಟು ನಿಯಮ ಇದೆ: ಆಗರ್ ಗುಂಡಿಯಲ್ಲಿ ಅಳೆದ ನೀರು ಹರಿಯುವ ವೇಗ K ದಿನಕ್ಕೆ ಸೆಂಟಿಮೀಟರಿನಲ್ಲಿದ್ದರೆ, ಅದರ ವರ್ಗಮೂಲವೇ ಪರ್ಸೆಂಟಿನಲ್ಲಿ ಡ್ರೇನೇಬಲ್ ಪೊರಾಸಿಟಿ. ದಿನಕ್ಕೆ 5 ಸೆಂ.ಮೀ. ಆದರೆ 2.2%. ಬಿರುಕು ಬಿಟ್ಟ ನೆಲದಲ್ಲಿ K ಸಿಕ್ಕಾಪಟ್ಟೆ ಬರುತ್ತದೆ, ಅಲ್ಲಿ ಈ ನಿಯಮ ನಂಬಬೇಡಿ.

ಎರಡನೆಯದು, ಒದ್ದೆ ಕಡೆಯ ಚುಕ್ಕೆಗಳನ್ನು ನಿಜವಾಗಿ ಅಳೆಸುವುದು. ಕದಡದ ಕೋರ್ ಬೇಕು. ಸ್ಯಾಂಡ್ ಬಾಕ್ಸ್ ಇದ್ದ ಲ್ಯಾಬಿನಲ್ಲಿ, ಇಲ್ಲವೇ ನೀರಿನ ಕೊಳವೆ ಇಳಿಬಿಟ್ಟ ಫನಲ್‌ನಲ್ಲಿ 10, 30, 60, 100 ಸೆಂ.ಮೀ. ಸಕ್ಷನ್ ಕೊಟ್ಟು ತೂಗಬೇಕು. ಮೊದಲು ಕೆಳಗಿನಿಂದ ನಿಧಾನವಾಗಿ ನೆನೆಸಿ, ಆ ತೂಕವನ್ನೇ θs ಅಂತ ಹಿಡಿಯಬೇಕು. ಆಗ 0.528ರ ಜಗಳವೇ ಮುಗಿಯಿತು. ಫಿಟ್ ಮಾಡುವಾಗ ಈ ಚುಕ್ಕೆಗಳನ್ನೂ ಹಳೇ ಒಣ ಚುಕ್ಕೆಗಳನ್ನೂ ಸೇರಿಸಿ. 10 ಸೆಂ.ಮೀ.ನಲ್ಲೇ ತೇವ ಥಟ್ಟನೆ ಇಳಿದು ಆಮೇಲೆ ಗೆರೆ ಚಪ್ಪಟೆ ಆದರೆ, ಸಂದಿನ ನೀರು ಬೇರೆ, ಹೆಂಟೆಯೊಳಗಿನ ನೀರು ಬೇರೆ ಅಂತ ಅರ್ಥ. ಒಂದೇ ಸೂತ್ರ ಅದಕ್ಕೆ ಹೊಂದುವುದಿಲ್ಲ. ಎಳೆದಾಡಿ ಹೊಂದಿಸಬೇಡಿ, ಆ ನಾಲ್ಕು ಚುಕ್ಕೆಗಳ ನಡುವೆ ಸ್ಕೇಲ್ ಇಟ್ಟು ಗೆರೆ ಎಳೆದು ಓದಿದರೂ ಸಾಕು. ನಮಗೆ ಬೇಕಾದ್ದು 0–100ರ ಒಳಗಿನ ಅಂಕಿ, ಅದು ಈಗ ಅಳೆದದ್ದೇ ಇದೆ.

ಸ್ಯಾಂಪಲ್ ಯಾವ ಆಳದಿಂದ ಅನ್ನೋದನ್ನೂ ಬದಲಾಯಿಸಿ. ನೀವು 30–60 ಮಾತ್ರ ಕೊಟ್ಟಿದ್ದೀರಿ. ನೀರು 30ರಿಂದ 90ಕ್ಕೆ ಇಳಿದಾಗ ನೆಲದ ಮೇಲ್ಮೈಗೆ ಸಕ್ಷನ್ 30ರಿಂದ 90ಕ್ಕೆ ಏರುತ್ತದೆ. 45 ಸೆಂ.ಮೀ. ಆಳದ ಮಣ್ಣಿಗೆ ಸೊನ್ನೆಯಿಂದ 45ಕ್ಕೆ ಮಾತ್ರ. ಜಾಸ್ತಿ ನೀರು ಬಿಡುವುದು ಮೇಲಿನ ಪದರ. ಅದು ನೇಗಿಲು ಓಡಿದ, ಸಡಿಲ ಮಣ್ಣು, ಅದರ ಕರ್ವ್ ಬೇರೆಯೇ ಇರುತ್ತದೆ. 0–30ರ ಕೋರ್ ಇಲ್ಲದೆ ಲೆಕ್ಕ ಅರ್ಧ.

ಮೂರನೆಯದು, ನನ್ನ ಮಟ್ಟಿಗೆ ನಿಮಗೆ ಇದೇ ಮೊದಲ ಆಯ್ಕೆ, ಏಕೆಂದರೆ ಪೈಪ್ ಹಾಕಿದ ಎಕರೆ ಆಗಲೇ ಕೈಯಲ್ಲಿದೆ. ಪೈಪಿನ ಬಾಯಿಗೆ 10 ಲೀಟರಿನ ಬಕೆಟ್ ಹಿಡಿಯಿರಿ. 50 ಸೆಕೆಂಡಿಗೆ ತುಂಬಿತು ಅನ್ನಿ. ದಿನಕ್ಕೆ 17,280 ಲೀಟರ್. ಒಂದು ಎಕರೆ ಅಂದರೆ ಸುಮಾರು 4047 ಚದರ ಮೀಟರ್, ಹಾಗಾಗಿ 4.3 ಮಿ.ಮೀ. ಅದೇ ದಿನ ನೀರಿನ ಮಟ್ಟ ಸರಾಸರಿ 18 ಸೆಂ.ಮೀ. ಇಳಿದಿದ್ದರೆ 4.3 ÷ 180, ಅಂದರೆ 2.4%. ಬಕೆಟ್ ಒಮ್ಮೆ ಹಿಡಿದರೆ ಸಾಲದು. ಹರಿವು ಗಂಟೆಗಂಟೆಗೆ ಕಡಿಮೆ ಆಗುತ್ತದೆ, ಬೆಳಿಗ್ಗೆ, ಮಧ್ಯಾಹ್ನ, ಸಂಜೆ ಹಿಡಿದು ಸರಾಸರಿ ತೆಗೆಯಿರಿ. ಮಟ್ಟ ನೋಡುವ ಕೊಳವೆ ಎರಡು ಪೈಪುಗಳ ನಟ್ಟನಡುವೆ ಒಂದೇ ಇದ್ದರೆ ಸಾಲದು, ಪೈಪಿನ ಹತ್ತಿರ ಒಂದು, ಕಾಲುಭಾಗದಲ್ಲಿ ಒಂದು ಬೇಕು.

ಇಲ್ಲಿಯೂ ಎರಡು ಮೋಸ ಇದೆ. ಬೆಳೆ ಮತ್ತು ಬಿಸಿಲು ಹೀರಿದ ನೀರು ಬಕೆಟ್ಟಿಗೆ ಬರುವುದಿಲ್ಲ, ಆದರೆ ಮಟ್ಟವನ್ನು ಇಳಿಸುತ್ತದೆ. ಅದನ್ನು ಬಿಟ್ಟರೆ ಉತ್ತರ ಇರುವುದಕ್ಕಿಂತ ಕಡಿಮೆ ಬರುತ್ತದೆ. ಕಾಲುವೆಯಿಂದ ಜಿನುಗುವ ನೀರು ಇದಕ್ಕೆ ಉಲ್ಟಾ: ಬಕೆಟ್ ತುಂಬುತ್ತಲೇ ಇರುತ್ತದೆ, ಮಟ್ಟ ಇಳಿಯುವುದಿಲ್ಲ, ಉತ್ತರ ದೊಡ್ಡದಾಗುತ್ತದೆ. ನಿಮ್ಮದು ಕಾಲುವೆ ಪಕ್ಕದ ಹೊಲ, ಹಾಗಾಗಿ ಇದೇ ದೊಡ್ಡ ಅನುಮಾನ. ಕಾಲುವೆ ಬಂದ್ ಇರುವ ದಿನಗಳಲ್ಲಿ, ರಾತ್ರಿ ಹೊತ್ತಿನ ಇಳಿತ ತೆಗೆದುಕೊಂಡರೆ ಎರಡೂ ಮೋಸ ಬಹಳ ಮಟ್ಟಿಗೆ ತಪ್ಪುತ್ತದೆ. ಕಾಲುವೆ ಇದ್ದಾಗಿನ ಅಂಕಿಯನ್ನೂ ಬರೆದಿಡಿ. ಎರಡರ ವ್ಯತ್ಯಾಸವೇ ಜಿನುಗು ಎಷ್ಟು ಅಂತ ತೋರಿಸುತ್ತದೆ.

ಕೋರ್ ತೆಗೆಸುವುದಾದರೆ ಮುಂಗಾರು ಮುಗಿಯುವ ಹೊತ್ತಿಗೆ, ಬಿರುಕು ಮುಚ್ಚಿ ನೆಲ ಉಬ್ಬಿರುವಾಗ ತೆಗೆಸಿ. ಬೇಸಿಗೆಯಲ್ಲಿ ತೆಗೆದ ಕೋರ್ ನಿಮಗೆ ಬಿರುಕಿನ ಅಳತೆ ಕೊಡುತ್ತದೆ, ಜವಳಿನದ್ದಲ್ಲ. ಸಿಲಿಂಡರನ್ನು ಸುತ್ತಿಗೆಯಿಂದ ಹೊಡೆದು ಇಳಿಸಬೇಡಿ, ಒದ್ದೆ ಎರೆ ಮಣ್ಣು ಒತ್ತಿಕೊಂಡು ಸಂದು ಮುಚ್ಚಿಹೋಗುತ್ತದೆ. ಸಿಲಿಂಡರಿನ ಅಂಚು ಚೂಪಾಗಿರಲಿ, ಸುತ್ತ ಮಣ್ಣು ಕೆತ್ತುತ್ತಾ ನಿಧಾನವಾಗಿ ಒತ್ತಿ ಇಳಿಸಿ. ಒಂದೊಂದು ಆಳಕ್ಕೂ ಕನಿಷ್ಠ ಮೂರು ಕೋರ್ ಇರಲಿ, ಒಂದರಲ್ಲಿ ಎರೆಹುಳುವಿನ ತೂತು ಬಂದರೆ ಅದೊಂದೇ ಸರಾಸರಿಯನ್ನು ತಿರುಗಿಸಿಬಿಡುತ್ತದೆ. ಎರಡೂ ಬದಿ ಮುಚ್ಚಳ ಹಾಕಿ, ಒದ್ದೆ ಬಟ್ಟೆ ಸುತ್ತಿ ಅದೇ ದಿನ ಲ್ಯಾಬಿಗೆ ಮುಟ್ಟಿಸಿ.